ಹತ್ತು ಪಟ್ಟು ಬಾಡಿಗೆ: ಲಾರಿಯಲ್ಲಿ ಹೋದ ಮಾಲಿಗೆ ಯಾರು ಹೊಣೆ, ಎಷ್ಟಕ್ಕೆ ಹೊಣೆ

(ಗೋಕಾಕ ಫಾಲ್ಸ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಗೋಕಾಕ ಫಾಲ್ಸ್‌ನಿಂದ ನೂಲಿನ ಲಾರಿ ಇಚಲಕರಂಜಿಗೆ ಹೊರಡುತ್ತದೆ. ಮೂಡಲಗಿ ಸೀಮೆಯ ಗಾಣದ ಮನೆಗಳಿಂದ ಬೆಲ್ಲದ ಲಾರಿ ಗುಜರಾತಿನ ಕಡೆ ಹೋಗುತ್ತದೆ. ಗೋಕಾಕದ ಅಂಗಡಿಯಿಂದ ಕರದಂಟಿನ ಪೆಟ್ಟಿಗೆ ಬೆಂಗಳೂರಿಗೋ ಪುಣೆಗೋ ಪಾರ್ಸೆಲ್ ಆಗಿ ಹೋಗುತ್ತದೆ. ಮೂರಕ್ಕೂ ಟ್ರಾನ್ಸ್‌ಪೋರ್ಟ್ ಆಫೀಸಿನವರು ಬಿಲ್ಟಿ ಹರಿದು ಕೊಡುತ್ತಾರೆ, ಮೂರನ್ನೂ ಆಳುವ ಕಾನೂನು ಒಂದೇ. ಆದರೆ ಹಾದಿಯಲ್ಲಿ ಮಾಲು ಹಾಳಾದರೆ ಬೆಲ್ಲದವರಿಗೆ ಬಹುಪಾಲು ಹಣ ಬರಬಹುದು, ನೂಲಿನವರಿಗೂ ಕರದಂಟಿನವರಿಗೂ ಒಂದು ಸಣ್ಣ ಪಾಲು ಅಷ್ಟೇ. ಈ ವ್ಯತ್ಯಾಸ ಹೇಗೆ ಹುಟ್ಟಿತು, ಅದರೊಳಗೆ ನಮ್ಮ ವ್ಯಾಪಾರಸ್ಥರು ಏನು ಮಾಡಬಹುದು ಎಂಬುದೇ ನನ್ನ ಇಂದಿನ ವಿಷಯ. ಸಿವಿಲ್ ದಾವೆಗಳ ಕಾಗದ ನೋಡುವುದೇ ನನ್ನ ಕಸುಬು. ಸಾಗಣೆಯ ದಾವೆಗಳಲ್ಲಿ ಸೋಲು ಬರುವುದು ವಾದ ಮಾಡುವ ದಿನವಲ್ಲ, ಮಾಲು ಹೇರುವ ದಿನ. ಅದಕ್ಕಾಗಿಯೇ ಈ ಮಾತನ್ನು ಕೋರ್ಟಿನ ಹೊರಗೆ, ಮಾಲು ಹೇರುವವರ ಮುಂದೆ ಆಡಬೇಕೆನಿಸಿತು.

ಗೋಕಾಕ ಮಿಲ್ಲಿನ ಕಂಪನಿ ಸ್ಥಾಪನೆಯಾದದ್ದು 1885ರಲ್ಲಿ. ಘಟಪ್ರಭೆಯ ಧುಮುಕಿನ ಬಲದಿಂದ ಯಂತ್ರಗಳು ತಿರುಗತೊಡಗಿದ ಆ ಕಾಲಕ್ಕೆ ಸಾಗಣೆದಾರರ ಬಗ್ಗೆ ಇದ್ದ ಕಾನೂನು 1865ರ ಕ್ಯಾರಿಯರ್ಸ್ ಆ್ಯಕ್ಟ್. ಅದರ ಬೇರು ಇಂಗ್ಲೆಂಡಿನ ಹಳೆಯ ರೂಢಿಯಲ್ಲಿತ್ತು. 1785ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ನ್ಯಾಯಾಧೀಶರ ಮುಂದೆ, ಬೆಂಕಿಯಲ್ಲಿ ಸುಟ್ಟುಹೋದ ಸರಕಿನ ಮೊಕದ್ದಮೆಯೊಂದು ಬಂತು. ಸಾಗಣೆದಾರನ ತಪ್ಪು ಏನೂ ಇರಲಿಲ್ಲ. ಆದರೂ ಅವನೇ ತುಂಬಿಕೊಡಬೇಕೆಂದು ತೀರ್ಪಾಯಿತು. ಎಲ್ಲರ ಮಾಲನ್ನೂ ಬಾಡಿಗೆಗೆ ಒಯ್ಯುವವನು ಆ ಮಾಲಿಗೆ ಒಂದು ಬಗೆಯ ವಿಮೆಗಾರನೇ ಎಂಬುದು ಅದರ ತಿರುಳು. ಮಾಲಿನ ಒಡೆಯ ಹಿಂದೆ ಉಳಿದಿರುತ್ತಾನೆ, ಹಾದಿಯಲ್ಲಿ ಏನಾಯಿತೆಂದು ಬಲ್ಲವನು ಸಾಗಣೆದಾರ ಒಬ್ಬನೇ. ಕಳ್ಳರ ಜೊತೆ ಕೈಗೂಡಿಸಿದರೂ ಹೊರಗಿನವರಿಗೆ ತಿಳಿಯದು. ಹಾಗಾಗಿ ಹೊಣೆಯನ್ನು ಪೂರ್ತಿ ಅವನ ಮೇಲೆಯೇ ಇಡಬೇಕು ಎಂಬ ವಿವೇಕ ಅದು. 1891ರಲ್ಲಿ ಐರಾವತಿ ನದಿಯ ಹಡಗು ಕಂಪನಿಯ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಇದೇ ನಿಯಮ ಭಾರತಕ್ಕೂ ಅನ್ವಯಿಸುತ್ತದೆ ಎಂದಿತು.

1865ರ ಕಾಯ್ದೆ ಸಾಗಣೆದಾರನಿಗೆ ಸ್ವಲ್ಪ ರಿಯಾಯಿತಿ ಕೊಟ್ಟಿತು. ಚಿನ್ನ, ಬೆಳ್ಳಿ, ರೇಷ್ಮೆಯಂಥ ಬೆಲೆಬಾಳುವ ವಸ್ತುಗಳ ಒಂದು ಪಟ್ಟಿ ಮಾಡಿ, ನೂರು ರೂಪಾಯಿಗಿಂತ ಹೆಚ್ಚಿನ ಬೆಲೆಯದಾದರೆ ಮೊದಲೇ ಹೇಳಿ ಒಪ್ಪಿಸಬೇಕು, ಇಲ್ಲವಾದರೆ ಕಳೆದುಹೋದದ್ದಕ್ಕೆ ಅವನು ಹೊಣೆಯಲ್ಲ ಎಂದಿತು. ಪಟ್ಟಿಯ ಹೊರಗಿನ ಮಾಲಿಗೆ ಅವನು ಹೊಣೆ ಕಡಿಮೆ ಮಾಡಿಕೊಳ್ಳಬಹುದಿತ್ತು, ಆದರೆ ಮಾಲಿನ ಒಡೆಯ ಸಹಿ ಮಾಡಿದ ಪ್ರತ್ಯೇಕ ಕರಾರು ಬೇಕಿತ್ತು. ಹತ್ತಿಯ ನೂಲು, ಬೆಲ್ಲ, ಮೆಣಸಿನಕಾಯಿ ಆ ಪಟ್ಟಿಯಲ್ಲಿರಲಿಲ್ಲ. ಅಂದರೆ ಒಡೆಯ ಸುಮ್ಮನಿದ್ದರೆ ಪೂರ್ತಿ ಹೊಣೆ ಸಾಗಣೆದಾರನದು. ಹೊಣೆಗೆ ಮಿತಿ ಬೇಕೆಂದರೆ ಸಹಿ ಕೇಳಿ ಪಡೆಯಬೇಕಾದವನು ಅವನೇ.

ಸಂಸತ್ತು 2007ರಲ್ಲಿ ಕ್ಯಾರೇಜ್ ಬೈ ರೋಡ್ ಆ್ಯಕ್ಟ್ ಎಂಬ ಹೊಸ ಕಾಯ್ದೆ ಮಾಡಿತು. ಅದು 2011ರ ಮಾರ್ಚ್ 1ರಿಂದ ಜಾರಿಗೆ ಬಂತು, ಹಳೆಯದು ರದ್ದಾಯಿತು. ಟ್ರಾನ್ಸ್‌ಪೋರ್ಟ್ ಕಂಪನಿ, ಬುಕಿಂಗ್ ಆಫೀಸು, ಏಜೆಂಟ, ದಲ್ಲಾಳಿ, ಮನೆಬಾಗಿಲಿಗೆ ಮುಟ್ಟಿಸುವ ಕೊರಿಯರ್ ಎಲ್ಲರೂ ಸಾಗಣೆದಾರರೇ ಎಂದು ಅದು ಹೇಳುತ್ತದೆ, ಎಲ್ಲರೂ ನೋಂದಣಿ ಮಾಡಿಸಿಕೊಳ್ಳಬೇಕು ಎನ್ನುತ್ತದೆ. ಇದು ಒಳ್ಳೆಯದೇ. ಹಿಂದೆ ಬುಕಿಂಗ್ ಆಫೀಸಿನವರು ಲಾರಿ ಮಾಲೀಕನತ್ತ, ಲಾರಿ ಮಾಲೀಕ ಬುಕಿಂಗ್ ಆಫೀಸಿನತ್ತ ಬೆರಳು ತೋರಿಸಿ ಜಾರಿಕೊಳ್ಳುತ್ತಿದ್ದರು. ಆದರೆ ಅದೇ ಕಾಯ್ದೆಯ 10ನೇ ಕಲಮು ಹೊಣೆಯ ಸಹಜ ಸ್ಥಿತಿಯನ್ನೇ ತಿರುಗಿಸಿಬಿಟ್ಟಿತು. ಸಾಗಣೆದಾರ ನಿಯಮಗಳಲ್ಲಿ ಗೊತ್ತುಮಾಡಿದ ಮೊತ್ತದವರೆಗೆ ಮಾತ್ರ ಹೊಣೆ. ಅದಕ್ಕಿಂತ ಹೆಚ್ಚು ಬೇಕಾದರೆ ಮಾಲು ಕಳಿಸುವವನು 11ನೇ ಕಲಮಿನಂತೆ ಹೆಚ್ಚಿನ ಅಪಾಯದ ದರ ಕೊಡಲು ಸ್ಪಷ್ಟವಾಗಿ ಒಪ್ಪಿರಬೇಕು. 2011ರ ನಿಯಮಗಳು ಆ ಮೊತ್ತವನ್ನು ಹೀಗೆ ಗೊತ್ತುಮಾಡಿದವು: ಕೊಟ್ಟ ಅಥವಾ ಕೊಡಬೇಕಾದ ಬಾಡಿಗೆಯ ಹತ್ತು ಪಟ್ಟು, ಅದೂ ಕಳಿಸುವವನು ಘೋಷಿಸಿದ ಬೆಲೆಯನ್ನು ಮೀರದಂತೆ.

ಈಗ ಒಡೆಯ ಸುಮ್ಮನಿದ್ದರೆ ಮಿತಿ ತಾನಾಗಿಯೇ ಬಂದು ಕೂರುತ್ತದೆ. ಪೂರ್ತಿ ಹೊಣೆ ಬೇಕೆಂದರೆ ಸಹಿ ಕೇಳಬೇಕಾದವನು ಒಡೆಯ. ನೂರೈವತ್ತು ವರ್ಷ ಆ ಕಡೆ ಇದ್ದ ಸಹಿಯ ಭಾರ ಈ ಕಡೆ ಬಂದಿದೆ. ನಮ್ಮ ಅಡತ ಅಂಗಡಿಗಳಲ್ಲಿ, ಮಗ್ಗದ ಮನೆಗಳಲ್ಲಿ ಇದು ಇನ್ನೂ ಗೊತ್ತಾಗಿಲ್ಲ. ನನ್ನ ಬಳಿ ಬರುವವರು ಈಗಲೂ ಹಳೆಯ ಕಾಯ್ದೆಯ ಧೈರ್ಯದಲ್ಲೇ ಮಾತಾಡುತ್ತಾರೆ. "ಅವರ ಲಾರ್ಯಾಗ ಹಾಳಾತು, ಅವರಾ ಕೊಡಬೇಕಲ್ರೀ" ಎನ್ನುತ್ತಾರೆ. ಕೊಡಬೇಕು ನಿಜ, ಎಷ್ಟು ಎಂಬುದೇ ಪ್ರಶ್ನೆ.

ಒಂದು ಲೆಕ್ಕ ಹಾಕಿ ನೋಡೋಣ. ದರಗಳು ತಿಳಿಯಲು ಅನುಕೂಲವಾಗಲೆಂದು ನಾನು ಹಿಡಿದವು, ಇವತ್ತಿನ ಪೇಟೆಯ ಧಾರಣೆಯಲ್ಲ. ಹತ್ತು ಟನ್ ಬೆಲ್ಲ, ಕಿಲೋಗೆ 40 ರೂಪಾಯಿಯಂತೆ 4 ಲಕ್ಷದ ಮಾಲು. ದೂರದ ಊರು, ಬಾಡಿಗೆ 35,000 ರೂಪಾಯಿ ಎಂದುಕೊಳ್ಳಿ. ಹತ್ತು ಪಟ್ಟು ಎಂದರೆ ಮೂರೂವರೆ ಲಕ್ಷ. ಪೂರ್ತಿ ಬೆಲ್ಲ ಕರಗಿಹೋದರೂ ಬೆಲ್ಲದವರಿಗೆ ಎಂಟಾಣೆಗಿಂತ ಎಷ್ಟೋ ಹೆಚ್ಚು ಬಂತು. ಒಂಬತ್ತು ಟನ್ ನೂಲು, ಕಿಲೋಗೆ 250 ರೂಪಾಯಿಯಂತೆ ಇಪ್ಪತ್ತೆರಡೂವರೆ ಲಕ್ಷದ ಮಾಲು. ಇಚಲಕರಂಜಿ ಹತ್ತಿರದ ಊರು, ಬಾಡಿಗೆ 15,000. ಹತ್ತು ಪಟ್ಟು ಒಂದೂವರೆ ಲಕ್ಷ. ಇನ್ನು ಕರದಂಟು: ಇಪ್ಪತ್ತು ಕಿಲೋದ ಪೆಟ್ಟಿಗೆ, 14,000 ರೂಪಾಯಿಯ ಮಾಲು, ಪಾರ್ಸೆಲ್ ಬಾಡಿಗೆ 200. ಹತ್ತು ಪಟ್ಟು ಎರಡು ಸಾವಿರ. ಗೋಕಾಕದ ಬಣ್ಣದ ಗೊಂಬೆಗಳನ್ನು ಕಳಿಸುವ ಕುಶಲಕರ್ಮಿಗಳದೂ ಇದೇ ಗತಿ; ಕಟ್ಟಿಗೆ ಹಗುರ, ಕೈಕೆಲಸ ತುಟ್ಟಿ.

ಹೀಗೆ ಬಾಡಿಗೆಗೆ ಕಟ್ಟಿದ ಮಿತಿ ಭಾರವಾದ, ಅಗ್ಗದ, ದೂರ ಹೋಗುವ ಮಾಲಿಗೆ ಉದಾರವಾಗಿದೆ; ಹಗುರವಾದ, ತುಟ್ಟಿಯ, ಹತ್ತಿರ ಹೋಗುವ ಮಾಲಿಗೆ ಜಿಪುಣವಾಗಿದೆ. ನೂಲು ಈ ಲೆಕ್ಕದಲ್ಲಿ ಕೆಟ್ಟ ಜಾಗದಲ್ಲಿ ನಿಂತಿದೆ. ಅದನ್ನು ಕೊಳ್ಳುವ ಮಗ್ಗದ ಊರುಗಳು ಹತ್ತಿರದಲ್ಲಿರುವುದರಿಂದ ಬಾಡಿಗೆ ಏರುವುದಿಲ್ಲ, ಬಾಡಿಗೆ ಏರದೆ ಮಿತಿಯೂ ಏರುವುದಿಲ್ಲ.

ಲಾರಿ ಮಾಲೀಕರ ಮಾತನ್ನೂ ಇಲ್ಲಿ ಹೇಳಲೇಬೇಕು. ಸಾಲ ಮಾಡಿ ಒಂದೇ ಒಂದು ಲಾರಿ ಇಟ್ಟುಕೊಂಡವನು 15,000 ರೂಪಾಯಿಯ ಬಾಡಿಗೆಗೆ ಇಪ್ಪತ್ತೆರಡು ಲಕ್ಷದ ಹೊಣೆ ಹೊರಬೇಕೆಂದರೆ, ಒಂದು ಅಪಘಾತಕ್ಕೆ ಅವನ ಮನೆ ಮುಳುಗುತ್ತದೆ. ಮಿತಿ ಇರುವುದು ಅನ್ಯಾಯ ಎಂದು ನಾನು ಹೇಳುವುದಿಲ್ಲ. ಮಿತಿ ಇದೆ ಎಂಬುದನ್ನು ಮಾಲು ಹೇರುವ ಮುಂಚೆ ಇಬ್ಬರೂ ತಿಳಿದಿರಬೇಕು, ಮಿತಿಯಿಂದ ಹೊರಗೆ ಬರುವ ದಾರಿ ನಿಜವಾಗಿ ತೆರೆದಿರಬೇಕು ಎಂಬುದಷ್ಟೇ ನನ್ನ ಮಾತು.

ಆ ದಾರಿ ಎಲ್ಲಿದೆ ನೋಡಿ. ಕಾಯ್ದೆಯ ಪ್ರಕಾರ ಮಾಲು ಕಳಿಸುವವನು ಮೊದಲು ಗೂಡ್ಸ್ ಫಾರ್ವರ್ಡಿಂಗ್ ನೋಟ್ ಎಂಬ ಕಾಗದ ಬರೆದುಕೊಡಬೇಕು. ಮಾಲಿನ ವಿವರ, ಬೆಲೆಯ ಘೋಷಣೆ ಅದರಲ್ಲಿರಬೇಕು. ಅದರ ಮೇಲೆ ಸಾಗಣೆದಾರ ಮೂರು ಪ್ರತಿಯಲ್ಲಿ ಗೂಡ್ಸ್ ರಿಸೀಟ್ ಕೊಡಬೇಕು; ನಾವು ಬಿಲ್ಟಿ ಎನ್ನುವುದು ಇದನ್ನೇ. ಎಷ್ಟು ಚೀಲ, ಎಷ್ಟು ತೂಕ ಎಂಬುದಕ್ಕೆ ಬಿಲ್ಟಿ ಮೇಲ್ನೋಟದ ಸಾಕ್ಷಿ. ಈ ಭಾಗದ ರೂಢಿಯಲ್ಲಿ ಮೊದಲನೆಯ ಕಾಗದವನ್ನು ಬರೆಯುವವರು ಬಹಳ ಕಡಿಮೆ. ಗುಮಾಸ್ತ ಬಿಲ್ಟಿ ಪುಸ್ತಕ ತೆಗೆದು ಚೀಲ ಎಣಿಸಿ ಬರೆಯುತ್ತಾನೆ, ಬೆಲೆಯ ಕಾಲಮಿನಲ್ಲಿ "ಬಿಲ್ಲಿನಂತೆ" ಎಂದು ಗೀಚುತ್ತಾನೆ, ಬಾಡಿಗೆಯ ಕಾಲಮಿನಲ್ಲಿ "ಠರಾವಿನಂತೆ" ಎನ್ನುತ್ತಾನೆ ಅಥವಾ ಖಾಲಿ ಬಿಡುತ್ತಾನೆ. ಬಾಡಿಗೆಯೇ ಪರಿಹಾರದ ಅಳತೆಗೋಲಾಗಿರುವಾಗ ಆ ಕಾಲಮು ಖಾಲಿ ಬಿಟ್ಟರೆ ಮುಂದೆ ಹತ್ತು ಪಟ್ಟು ಯಾವುದರ ಹತ್ತು ಪಟ್ಟು? ಕೆಲವರು ಲೆಕ್ಕಪತ್ರದ ಕಾರಣಕ್ಕೆ ಬಾಡಿಗೆಯನ್ನು ಕಡಿಮೆ ಬರೆಸಿ ಉಳಿದದ್ದನ್ನು ಡ್ರೈವರನ ಕೈಗೆ ಕೊಡುತ್ತಾರೆ. ಬರೆಸದೆ ಕೊಟ್ಟ ಪ್ರತಿ ರೂಪಾಯಿಗೂ ಹತ್ತು ರೂಪಾಯಿಯ ಹಕ್ಕು ಹೋಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಓದಿದವರೂ ಇದರಲ್ಲಿ ಎಡವುತ್ತಾರೆ. ಬೆಲೆ ಬರೆದರೆ ಸಾಕು, ಬರೆದಷ್ಟು ಬರುತ್ತದೆ ಎಂದು ತಿಳಿಯುತ್ತಾರೆ. ಇನ್ವಾಯ್ಸ್ ಲಗತ್ತಿಸಿದೆ, ಇ-ವೇ ಬಿಲ್ಲಿನಲ್ಲೂ ಬೆಲೆ ಇದೆ, ಇನ್ನೇನು ಬೇಕು ಎನ್ನುತ್ತಾರೆ. ಬೆಲೆಯ ಘೋಷಣೆ ಪರಿಹಾರವನ್ನು ಏರಿಸುವುದಿಲ್ಲ, ಅದು ಮೇಲಿನ ಇನ್ನೊಂದು ಮಿತಿ ಅಷ್ಟೇ. ಕಡಿಮೆ ಬೆಲೆ ಬರೆದರೆ ಹತ್ತು ಪಟ್ಟಿಗಿಂತಲೂ ಕೆಳಗೆ ಇಳಿಯಬಹುದು. ಸರಿಯಾದ ಬೆಲೆ ಬರೆದರೂ ಹತ್ತು ಪಟ್ಟಿನ ಮೇಲೆ ಏರದು. ಏರಿಸುವುದು 11ನೇ ಕಲಮಿನ ಕರಾರು ಮಾತ್ರ: ಹೆಚ್ಚಿನ ಅಪಾಯದ ದರ ಇಷ್ಟು, ಅದಕ್ಕೆ ಪ್ರತಿಯಾಗಿ ಹೊಣೆ ಇಷ್ಟರವರೆಗೆ ಎಂದು ಎರಡೂ ಕಡೆಯವರು ಬರವಣಿಗೆಯಲ್ಲಿ ಒಪ್ಪಿರಬೇಕು. ದರ ಎಷ್ಟೆಂದು ಕಾನೂನು ಹೇಳುವುದಿಲ್ಲ, ಸಾಗಣೆದಾರನೇ ಗೊತ್ತುಮಾಡುತ್ತಾನೆ. ಸಾವಿರಕ್ಕೆ ಎರಡು ರೂಪಾಯಿ ಎಂದು ಹಿಡಿದರೆ ನಮ್ಮ ನೂಲಿನ ಲಾರಿಗೆ 4,500 ರೂಪಾಯಿ ಹೆಚ್ಚು. ಅದನ್ನು ಕೊಟ್ಟು, ಘೋಷಿಸಿದ ಪೂರ್ತಿ ಬೆಲೆಗೆ ಹೊಣೆ ಎಂದು ಬಿಲ್ಟಿಯಲ್ಲೇ ಬರೆಸಿದರೆ ಒಂದೂವರೆ ಲಕ್ಷದ ಗೋಡೆ ಅಲ್ಲಿಗೆ ಬಿದ್ದಿತು.

ಅದೇ 11ನೇ ಕಲಮಿನಲ್ಲಿ ನಮಗೆ ಸೇರಿದ ಒಂದು ಮಾತಿದೆ. ಹೆಚ್ಚಿನ ದರ ಕೇಳುವ ಸಾಗಣೆದಾರ ತನ್ನ ವ್ಯವಹಾರದ ಜಾಗದಲ್ಲಿ ಆ ದರದ ನೋಟೀಸನ್ನು ಇಂಗ್ಲಿಷಿನಲ್ಲಿ ಮತ್ತು ರಾಜ್ಯದ ಭಾಷೆಯಲ್ಲಿ ಹಾಕಿರಬೇಕು. ಅಂದರೆ ಗೋಕಾಕ, ಮೂಡಲಗಿ, ಸಂಕೇಶ್ವರದ ಟ್ರಾನ್ಸ್‌ಪೋರ್ಟ್ ಆಫೀಸಿನ ಗೋಡೆಯ ಮೇಲೆ ಕನ್ನಡದಲ್ಲಿ. ಅಂಥ ಬೋರ್ಡು ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ. ಬೋರ್ಡು ಹಾಕದಿದ್ದರೆ ಅವನಿಗೆ ಹೆಚ್ಚಿನ ದರ ಕೇಳುವ ಹಕ್ಕಿಲ್ಲ, ಸರಿ. ಆದರೆ ದರ ಕೇಳದಿದ್ದರೆ ಒಡೆಯನಿಗೆ ಸಿಗುವುದು ಹತ್ತು ಪಟ್ಟಿನ ಮಿತಿ! ಬೋರ್ಡು ಹಾಕದವನ ತಪ್ಪಿನ ಫಲ ಬೋರ್ಡು ಕಾಣದವನ ತಲೆಗೆ ಬರುತ್ತದೆ. ಬೋರ್ಡು ಇಲ್ಲದ ಆಫೀಸಿಗೆ ಮಿತಿಯ ರಕ್ಷಣೆಯೂ ಇಲ್ಲ ಎಂದು ಒಂದು ವಾಕ್ಯ ಸೇರಿಸಿದ್ದರೆ ಇಷ್ಟುಹೊತ್ತಿಗೆ ಪ್ರತಿ ಆಫೀಸಿನಲ್ಲೂ ಕನ್ನಡದ ಬೋರ್ಡು ತೂಗುತ್ತಿತ್ತು.

ಈಗ ಹೊಣೆ ಎಂದು ಹುಟ್ಟುತ್ತದೆ, ಎಂದು ಇಲ್ಲ ಎಂಬ ಪ್ರಶ್ನೆಗೆ ಬರೋಣ. ಇದಕ್ಕೆ ನಾವೆಲ್ಲ ಕಣ್ಣಾರೆ ಕಂಡ 2019ರ ಆಗಸ್ಟ್ ಪ್ರವಾಹಕ್ಕಿಂತ ಒಳ್ಳೆಯ ಪಾಠವಿಲ್ಲ. ಹಿಡಕಲ್ ಅಣೆಕಟ್ಟಿನಿಂದ ಬಿಟ್ಟ ನೀರು ಘಟಪ್ರಭೆಯನ್ನು ಉಕ್ಕಿಸಿತು, ಲೋಳಸೂರು ಸೇತುವೆ ಮುಳುಗಿತು, ಗೋಕಾಕದ ಪೇಟೆಗೆ ನೀರು ನುಗ್ಗಿತು. ಅತ್ತ ನಿಪ್ಪಾಣಿಯ ಹತ್ತಿರ ಯಮಗರಣಿಯಲ್ಲಿ ವೇದಗಂಗೆ, ಕೊಲ್ಹಾಪುರದಲ್ಲಿ ಪಂಚಗಂಗೆ ಹೆದ್ದಾರಿಯ ಮೇಲೆ ಬಂದು ಪುಣೆ–ಬೆಂಗಳೂರು ರಸ್ತೆ ದಿನಗಟ್ಟಲೆ ಮುಚ್ಚಿತು. ಸಾಲುಸಾಲು ಲಾರಿಗಳು ನಿಂತಲ್ಲೇ ನಿಂತವು.

ಆ ದಿನಗಳ ನಡುವೆ ನಮ್ಮ ಲೆಕ್ಕದ ನೂಲಿನ ಲಾರಿಯನ್ನು ಇಟ್ಟು ನೋಡೋಣ. ಇದು ಕಾನೂನು ತಿಳಿಯಲು ಕಟ್ಟಿಕೊಂಡ ಉದಾಹರಣೆ, ಯಾರ ಮೊಕದ್ದಮೆಯೂ ಅಲ್ಲ. ಆಗಸ್ಟ್ 3, ಶನಿವಾರ ಬಿಲ್ಟಿ ಆಯಿತು. ಲಾರಿ ಹುಕ್ಕೇರಿ, ಸಂಕೇಶ್ವರ ದಾಟಿ ಹೆದ್ದಾರಿ ಹಿಡಿದು ನಿಪ್ಪಾಣಿಯ ಆಚೆ ಹೋಗಲಾರದೆ ನಿಂತಿತು. ಡ್ರೈವರ ನದಿಯ ಬದಿಯ ತಗ್ಗಿನಲ್ಲಿ ಗಾಡಿ ಹಚ್ಚಿ ಮಲಗಿದ. ರಾತ್ರಿ ನೀರು ಏರಿ ಲಾರಿಯ ಹಲಗೆಯ ಮೇಲೆ ಬಂತು. ಕೆಳಗಿನ ಸಾಲಿನ ಚೀಲಗಳು ನೆನೆದವು. ಒಂಬತ್ತು ಟನ್ನಿನಲ್ಲಿ ಅರ್ಧ, ನಾಲ್ಕೂವರೆ ಟನ್ ನೂಲು ಹಾಳು. ನೆನೆದ ನೂಲನ್ನು ಕಿಲೋಗೆ 90ರಂತೆ ಮಾರಿದರು ಎನ್ನಿ. ಕಿಲೋಗೆ 160 ರೂಪಾಯಿ ನಷ್ಟ, ಒಟ್ಟು 7,20,000.

ಸಾಗಣೆದಾರ ಏನನ್ನುತ್ತಾನೆ? "ದೇವರು ಮಾಡಿದ್ದಕ್ಕ ನಾ ಏನ್ ಮಾಡ್ಲಿ." ಕಾಯ್ದೆಯ 17ನೇ ಕಲಮಿನಲ್ಲಿ ಅವನನ್ನು ಬಿಡಿಸುವ ಕಾರಣಗಳು ಐದೇ: ದೈವಕೃತ್ಯ, ಯುದ್ಧ ಅಥವಾ ಶತ್ರುವಿನ ಕೃತ್ಯ, ದಂಗೆ, ನ್ಯಾಯಾಲಯದ ಜಪ್ತಿಯಂಥದು, ಸರ್ಕಾರದ ಆಜ್ಞೆ ಅಥವಾ ನಿರ್ಬಂಧ. ಪ್ರವಾಹ ದೈವಕೃತ್ಯ ಎಂದೇ ಒಪ್ಪೋಣ. ಆದರೆ ಕಲಮು ಅಲ್ಲಿಗೆ ಮುಗಿಯುವುದಿಲ್ಲ. ತಕ್ಕ ಎಚ್ಚರ ವಹಿಸಿದ್ದರೆ ನಷ್ಟ ತಪ್ಪಿಸಬಹುದಿತ್ತು ಎಂದಾದರೆ ದೈವದ ಹೆಸರು ಹೇಳಿಯೂ ಅವನು ಪಾರಾಗಲಾರ. ನೀರು ಏರುತ್ತಿದೆ ಎಂದು ದಿನವಿಡೀ ಸುದ್ದಿ ಇದ್ದಾಗ ತಗ್ಗಿನಲ್ಲಿ ಗಾಡಿ ಹಚ್ಚಿದ್ದೇಕೆ, ಉಳಿದ ಲಾರಿಗಳು ದಿನ್ನೆಯ ಮೇಲೆ ಹೋದದ್ದು ಕಾಣಲಿಲ್ಲವೇ ಎಂಬ ಪ್ರಶ್ನೆಗೆ ಅವನು ಉತ್ತರಿಸಬೇಕು. ಉತ್ತರಿಸಬೇಕಾದವನು ಅವನೇ ಎಂಬುದು ಮುಖ್ಯ. ದಾವೆ ಹಾಕಿದವನು ನಿರ್ಲಕ್ಷ್ಯವನ್ನು ರುಜುವಾತು ಮಾಡಬೇಕಿಲ್ಲ ಎಂಬ ಹಳೆಯ ಕಾಯ್ದೆಯ ಮಾತನ್ನು ಹೊಸದೂ 12ನೇ ಕಲಮಿನಲ್ಲಿ ಉಳಿಸಿಕೊಂಡಿದೆ.

ಮಾಲು ಇಳಿಸುವಾಗ ಚೀಲಗಳನ್ನು ನೋಡುವ ಕಣ್ಣೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಳಗಿನ ಸಾಲು ನೆನೆದು, ಚೀಲಗಳ ಮೇಲೆ ಒಂದೇ ಮಟ್ಟದಲ್ಲಿ ನೀರಿನ ಗೆರೆ ಇದ್ದರೆ ಲಾರಿ ನಿಂತ ನೀರಿನಲ್ಲಿತ್ತು ಎಂದರ್ಥ. ಮೇಲಿನ ಸಾಲು ಒಂದೆರಡು ಜಾಗದಲ್ಲಿ ನೆನೆದು ಕೆಳಗೆ ಒಣಗಿದ್ದರೆ ತಾಡಪತ್ರಿ ಹರಿದಿತ್ತು ಅಥವಾ ಸರಿಯಾಗಿ ಬಿಗಿದಿರಲಿಲ್ಲ. ಮೊದಲನೆಯದಕ್ಕೆ ಪ್ರವಾಹದ ವಾದವಾದರೂ ಉಂಟು. ಎರಡನೆಯದಕ್ಕೆ ಅದೂ ಇಲ್ಲ; ಆಗಸ್ಟಿನಲ್ಲಿ ಬೆಳಗಾವಿ ಸೀಮೆಯಲ್ಲಿ ಮಳೆ ಬರುವುದು ಯಾವ ದೈವದ ಆಕಸ್ಮಿಕವೂ ಅಲ್ಲ. ಆದ್ದರಿಂದ ಹಮಾಲರು ಚೀಲ ಇಳಿಸಿ ಕಲಸಿಬಿಡುವ ಮುಂಚೆ, ಲಾರಿಯ ಮೇಲಿರುವಾಗಲೇ ಫೋಟೋ ತೆಗೆಯಬೇಕು. ಬಿಲ್ಟಿಯ ಪ್ರತಿಯ ಮೇಲೆ "ಮಾಲು ಸರಿಯಾಗಿ ಮುಟ್ಟಿತು" ಎಂದು ಸಹಿ ಹಾಕದೆ, ಎಷ್ಟು ಚೀಲ ನೆನೆದಿವೆ, ಯಾವ ಸಾಲಿನವು ಎಂದು ಬರೆದು ಡ್ರೈವರನ ಸಹಿ ಪಡೆಯಬೇಕು. ಸಾಗಣೆದಾರನ ಆಫೀಸಿನಿಂದ ಡ್ಯಾಮೇಜ್ ಸರ್ಟಿಫಿಕೇಟ್ ಕೇಳಬೇಕು. ಕೊಡದಿದ್ದರೆ ಕೇಳಿದ್ದಕ್ಕಾದರೂ ಕಾಗದವಿರಬೇಕು.

ಕಾಯ್ದೆಯೊಳಗಿನ ಒಂದು ತೊಡಕನ್ನು ನಾನು ಮುಚ್ಚಿಡಲಾರೆ. ಐದು ಕಾರಣ ಬಿಟ್ಟು ಉಳಿದ ಎಲ್ಲದಕ್ಕೂ ಹೊಣೆ ಎಂದು 17ನೇ ಕಲಮು ಹೇಳುತ್ತದೆ. 10ನೇ ಕಲಮಿನ ಕೊನೆಯ ಮಾತು, ತನ್ನದಾಗಲಿ ತನ್ನ ಆಳುಗಳದಾಗಲಿ ತಪ್ಪು ಅಥವಾ ನಿರ್ಲಕ್ಷ್ಯ ಇರಲಿಲ್ಲ ಎಂದು ರುಜುವಾತು ಮಾಡಿದರೆ ಅವನು ಹೊಣೆಯಲ್ಲ ಎನ್ನುತ್ತದೆ. ಹಾಗಾದರೆ ಎದುರಿನಿಂದ ಬಂದ ಬೇರೆ ವಾಹನ ಗುದ್ದಿ ಮಾಲು ಹೋದರೆ? ಮೊದಲನೆಯದನ್ನು ಓದಿದರೆ ಹೊಣೆ, ಎರಡನೆಯದನ್ನು ಓದಿದರೆ ಇಲ್ಲ. ಎರಡನೆಯದು ತಡವಾದ ಸಾಗಣೆಯ ಉಪಕಲಮಿನ ಬಾಲದಲ್ಲಿದೆ, ಹಾಗಾಗಿ ಅದನ್ನು ಆ ಸಂದರ್ಭಕ್ಕೇ ಕಟ್ಟಿಹಾಕಿ ಓದಬೇಕು ಎಂಬುದು ನನ್ನ ಅಭಿಪ್ರಾಯ. ಇಲ್ಲವಾದರೆ ಐದೇ ಕಾರಣಗಳೆಂದು ಎಣಿಸಿ ಹೇಳಿದ 17ನೇ ಕಲಮಿಗೆ ಕೆಲಸವೇ ಉಳಿಯುವುದಿಲ್ಲ.

ಬಿಲ್ಟಿಯ ಮೂಲೆಯಲ್ಲಿ "ಮಾಲು ಮಾಲೀಕರ ಜವಾಬ್ದಾರಿ ಮೇಲೆ" ಎಂದು ಅಚ್ಚಾಗಿರುತ್ತದೆ. ಅದನ್ನು ಕಂಡು ಹಿಂಜರಿಯಬೇಡಿ. 2000ನೇ ಇಸವಿಯಲ್ಲಿ ನಾಥ್ ಬ್ರದರ್ಸ್ ಮೊಕದ್ದಮೆಯಲ್ಲಿ, ಸಾಗಣೆದಾರನ ಗೋದಾಮಿನಲ್ಲಿದ್ದ ಮಾಲು ಬೆಂಕಿಗೆ ಸುಟ್ಟಿತ್ತು. ಮಾಲೀಕನ ಜವಾಬ್ದಾರಿ ಎಂಬ ಷರತ್ತಿದ್ದರೂ ನಿರ್ಲಕ್ಷ್ಯದ ಹೊಣೆಯಿಂದ ಸಾಗಣೆದಾರ ತಪ್ಪಿಸಿಕೊಳ್ಳಲಾರ ಎಂದು ಸುಪ್ರೀಂ ಕೋರ್ಟು ಹೇಳಿತು. ಅದು ಹಳೆಯ ಕಾಯ್ದೆಯ ಕೆಳಗಿನ ತೀರ್ಪು, ಆದರೆ ಅದರ ತರ್ಕ ಈಗಲೂ ನಿಲ್ಲುತ್ತದೆ. "ಮುಂಬೈ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ" ಎಂಬ ಇನ್ನೊಂದು ಸಾಲೂ ಹಾಗೆಯೇ. ತಮಿಳುನಾಡಿನ ಬೋಡಿನಾಯಕನೂರಿನಿಂದ ಹೊರಟ ಏಲಕ್ಕಿಯ ಮೊಕದ್ದಮೆಯಲ್ಲಿ, ಮಾಲು ಹೇರಿದ ಊರಿನಲ್ಲಿ ಕಂಪನಿಯ ಶಾಖೆ ಇದ್ದು ದಾವೆಯ ಕಾರಣ ಅಲ್ಲಿಯೇ ಹುಟ್ಟಿದ್ದರೆ, ಮುಂಬೈಯಲ್ಲಿ ಹೆಡ್ ಆಫೀಸಿದೆ ಎಂಬ ಮಾತ್ರಕ್ಕೆ ಮುಂಬೈಗೆ ಎಳೆಯಲಾಗದು ಎಂದು 1991ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಗೋಕಾಕದಲ್ಲಿ ಬಿಲ್ಟಿ ಆದ ಮಾಲಿಗೆ ಗೋಕಾಕದ ಕೋರ್ಟಿನ ಬಾಗಿಲು ತೆರೆದಿದೆ.

ಬಾಗಿಲು ತೆರೆದಿದ್ದರೂ ಒಳಗೆ ಹೋಗುವ ಮುಂಚೆ ಒಂದು ಹೊಸ್ತಿಲಿದೆ, ಮೊಕದ್ದಮೆಗಳು ಮುಗ್ಗರಿಸುವುದು ಅಲ್ಲಿಯೇ. ದಾವೆ ಹಾಕುವ ಮುಂಚೆ ಸಾಗಣೆದಾರನಿಗೆ ಬರವಣಿಗೆಯ ನೋಟೀಸು ಮುಟ್ಟಿರಬೇಕು, ಅದೂ ಮಾಲು ಬುಕ್ ಆದ ದಿನದಿಂದ 180 ದಿನಗಳೊಳಗೆ. ಹಳೆಯ ಕಾಯ್ದೆಯಲ್ಲಿ ನಷ್ಟ ಗೊತ್ತಾದ ದಿನದಿಂದ ಆರು ತಿಂಗಳು ಇತ್ತು. ಈಗ ಗಡಿಯಾರ ಬಿಲ್ಟಿಯ ತಾರೀಖಿನಿಂದಲೇ ಓಡುತ್ತದೆ. ನಮ್ಮ ಉದಾಹರಣೆಯಲ್ಲಿ ಆಗಸ್ಟ್ 3ರ ಬಿಲ್ಟಿಗೆ 2020ರ ಜನವರಿ 30 ಕೊನೆಯ ದಿನ. ಅಲ್ಲಿಯವರೆಗೆ ಟ್ರಾನ್ಸ್‌ಪೋರ್ಟ್ ಆಫೀಸಿನವರು "ಮಾಡೋಣ್ರಿ, ಹೆಡ್ ಆಫೀಸಿಗೆ ಕಳಿಸೇವ್ರಿ" ಎಂದು ಸಿಹಿಯಾಗಿ ಹೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಆಡಿದ ಮಾತು ನೋಟೀಸಲ್ಲ. ಬಿಲ್ಟಿಯ ನಂಬರು, ತಾರೀಖು, ಎಷ್ಟು ಮಾಲು, ಎಷ್ಟು ನಷ್ಟ, ಎಷ್ಟು ಹಣ ಬೇಕು ಎಂದು ಬರೆದು ಮುಟ್ಟಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ ಕಳಿಸಿ, ಮುಟ್ಟಿದ ಚೀಟಿ ಇಟ್ಟುಕೊಳ್ಳಬೇಕು. ನಷ್ಟದ ಮೊತ್ತ ಇನ್ನೂ ಖಚಿತವಾಗಿಲ್ಲ ಎಂದು ಕಾಯಬೇಡಿ. ನೋಟೀಸು ಸರಿಯಾದ ಮೇಲೆ ದಾವೆಗೆ ಅವಧಿ ಕಾಯ್ದೆಯ ಮೂರು ವರ್ಷ ಇದ್ದೇ ಇದೆ.

ವಿಮೆಯ ಬಗ್ಗೆ ಎರಡು ಮಾತು. ಮಿಲ್ಲುಗಳೂ ದೊಡ್ಡ ವ್ಯಾಪಾರಸ್ಥರೂ ಸಾಗಣೆಯ ವಿಮೆ ಮಾಡಿಸಿರುತ್ತಾರೆ. ನಷ್ಟವಾದರೆ ವಿಮಾ ಕಂಪನಿ ಕೊಡುತ್ತದೆ, ಕೊಟ್ಟ ಮೇಲೆ ಒಡೆಯನ ಜಾಗದಲ್ಲಿ ನಿಂತು ಸಾಗಣೆದಾರನಿಂದ ವಸೂಲಿಗೆ ಹೊರಡುತ್ತದೆ. ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಕೊಟ್ಟ ದೊಡ್ಡ ತೀರ್ಪಿನ ಮೂಲವೂ ಹತ್ತಿಯ ನೂಲಿನ ಲಾರಿಯೇ: ಚರಣ್ ಸ್ಪಿನ್ನಿಂಗ್ ಮಿಲ್ಸ್ ಕಳಿಸಿದ ನೂಲು ಅಪಘಾತದಲ್ಲಿ ಹಾಳಾಗಿತ್ತು. ವಿಮಾ ಕಂಪನಿ ಒಡೆಯನ ಹಕ್ಕಿನಲ್ಲಿ, ಒಡೆಯನ ಜೊತೆಗೂಡಿ ದಾವೆ ನಡೆಸಬಹುದು ಎಂದು ಪೀಠ ಹೇಳಿತು. ಒಡೆಯನ ಹಕ್ಕು ಎಷ್ಟೋ ಕಂಪನಿಯ ಹಕ್ಕೂ ಅಷ್ಟೇ. ಹಾಗಾಗಿ ನೀವು ನೋಟೀಸು ಕೊಡದಿದ್ದರೆ, ಅಥವಾ ಸಾಗಣೆದಾರ ಕೊಟ್ಟ ಸಣ್ಣ ಮೊತ್ತಕ್ಕೆ "ಪೂರ್ತಿ ಚುಕ್ತಾ" ಎಂದು ಬರೆದುಕೊಟ್ಟರೆ, ಕಂಪನಿಯ ವಸೂಲಿಯ ದಾರಿ ಮುಚ್ಚುತ್ತದೆ, ಆ ಕಾರಣ ಹೇಳಿ ಅದು ನಿಮ್ಮ ಕ್ಲೇಮಿನಲ್ಲೂ ಕೈ ಹಾಕಬಹುದು. "ಇನ್ಶೂರೆನ್ಸ್ ಐತಲ್ರಿ, ಬಿಡ್ರಿ" ಎನ್ನುವ ಮಿಲ್ಲಿನ ಗುಮಾಸ್ತ ಇದನ್ನು ನೆನಪಿಡಬೇಕು.

ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೇ ಎಂದು ಕೇಳುವವರುಂಟು. 2003ರ ಮಾರ್ಚಿನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರಿಗೆ ಆ ದಾರಿ ಮುಚ್ಚಿದೆ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರಿಗೆ ಮಾತ್ರ ವಿನಾಯಿತಿ ಇದೆ. ಮಿಲ್ಲಿಗೆ ಇಲ್ಲ, ಗೊಂಬೆ ಮಾಡುವ ಕುಶಲಕರ್ಮಿಗೆ ಉಂಟು.

ಹಾಗಾದರೆ ನಮ್ಮ ನೂಲಿನ ಒಡೆಯನ ಕೈಗೆ ಬಂದದ್ದೆಷ್ಟು? ಹೊಣೆ ಸಾಬೀತಾಯಿತು, ನೋಟೀಸು ಸರಿಯಾಗಿತ್ತು, 7,20,000ದ ನಷ್ಟಕ್ಕೆ 1,50,000. ಅದೇ ಮಾಲು ಗೋಕಾಕ ರೋಡ್ ಸ್ಟೇಷನ್ನಿನಿಂದ ರೈಲಿನಲ್ಲಿ ಹೋಗಿ ಕೆಟ್ಟಿದ್ದರೆ, ಬೆಲೆ ಘೋಷಿಸದ ಸಾಮಾನ್ಯ ಸರಕಿಗೆ ಕಿಲೋಗೆ 50 ರೂಪಾಯಿಯ ಮಿತಿಯಂತೆ 2,25,000 ಆಗುತ್ತಿತ್ತು. ಯುರೋಪಿನ ದೇಶಗಳ ನಡುವೆ ಲಾರಿಯಲ್ಲಿ ಹೋಗುವ ಸರಕಿಗೆ 1956ರ ಜಿನೀವಾ ಒಪ್ಪಂದವೊಂದಿದೆ. ಅಲ್ಲಿಯ ಮಿತಿಯೂ ತೂಕಕ್ಕೇ ಕಟ್ಟಿದ್ದು, ಒಟ್ಟು ತೂಕದ ಕಿಲೋಗೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ 8.33 ಲೆಕ್ಕಮಾನ, ನಮ್ಮ ರೈಲಿನ 50 ರೂಪಾಯಿಗಿಂತ ಎಷ್ಟೋ ಪಟ್ಟು ಹೆಚ್ಚು. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ. ಅಷ್ಟು ದೊಡ್ಡ ಮೊತ್ತವನ್ನು ನಮ್ಮ ಸಣ್ಣ ಲಾರಿ ಮಾಲೀಕರ ಮೇಲೆ ಹೊರಿಸಿ ಎಂದು ನಾನೂ ಕೇಳುವುದಿಲ್ಲ. ತೂಕದ ಲೆಕ್ಕದಲ್ಲಿ ಒಂದು ಗುಣವಿದೆ: ಮಾಲು ಹತ್ತಿರ ಹೋಗಲಿ, ದೂರ ಹೋಗಲಿ, ಮಿತಿ ಬದಲಾಗುವುದಿಲ್ಲ. ಹಗುರವಾದ ತುಟ್ಟಿ ಮಾಲಿಗೆ ಅದೂ ಸಾಲದು ನಿಜ, ಅದಕ್ಕೆ ಮದ್ದು 11ನೇ ಕಲಮೇ.

ಮಿತಿಯನ್ನು ಗೊತ್ತುಮಾಡುವಾಗ ಮಾಲಿನ ಬೆಲೆ, ಬಾಡಿಗೆ, ಮಾಲಿನ ಸ್ವರೂಪ ಈ ಮೂರನ್ನೂ ಗಮನಿಸಬೇಕು ಎಂದು ಸಂಸತ್ತು 10ನೇ ಕಲಮಿನಲ್ಲಿ ಬರೆದಿದೆ. ಮಿತಿ ಕಟ್ಟಿದ ನಿಯಮ ಬಾಡಿಗೆಯನ್ನು ಅಳತೆ ಮಾಡಿಕೊಂಡಿತು, ಬೆಲೆಯನ್ನು ಮೇಲಿನ ತಡೆ ಮಾಡಿಕೊಂಡಿತು, ಸ್ವರೂಪವನ್ನು ಬಿಟ್ಟೇಬಿಟ್ಟಿತು. ನೂಲಿಗೂ ಬೆಲ್ಲಕ್ಕೂ ಕರದಂಟಿಗೂ ಒಂದೇ ಹತ್ತು ಪಟ್ಟು. ಇದನ್ನು ತಿದ್ದಲು ಕಾಯ್ದೆಯನ್ನು ಮುಟ್ಟಬೇಕಿಲ್ಲ, ಕೇಂದ್ರ ಸರ್ಕಾರ ನಿಯಮವನ್ನು ಬದಲಿಸಿದರೆ ಸಾಕು. ಬಾಡಿಗೆಯ ಹತ್ತು ಪಟ್ಟು ಅಥವಾ ಹಾಳಾದ ತೂಕಕ್ಕೆ ಕಿಲೋಗೆ ಇಂತಿಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅದು. 11ನೇ ಕಲಮಿನ ದರವನ್ನು ರಾಜ್ಯದ ಭಾಷೆಯಲ್ಲಿ ತೂಗುಹಾಕದ ಆಫೀಸಿಗೆ ಈ ಮಿತಿಯನ್ನು ಮುಂದಿಡುವ ಹಕ್ಕಿಲ್ಲ. ಕೇಳಬೇಕಾದದ್ದು ಇವೆರಡನ್ನೇ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ವ್ಯಾಪಾರಸ್ಥರ ಸಂಘಗಳೂ ಲಾರಿ ಮಾಲೀಕರ ಸಂಘಗಳೂ ಒಟ್ಟಿಗೆ ಕೂತು ಇದನ್ನು ಬರೆದು ರಸ್ತೆ ಸಾರಿಗೆ ಸಚಿವಾಲಯಕ್ಕೆ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕರಡು ಬರೆಯುವ ಕೆಲಸವನ್ನು ನಾನು ಮಾಡಿಕೊಡುತ್ತೇನೆ.